ಸಿಸಿಐ: ಸರಾಸರಿ ವಿಚಲನೆಯೋ, ಮಾನಕ ವಿಚಲನೆಯೋ?

ಡೊನಾಲ್ಡ್ ಲ್ಯಾಂಬರ್ಟ್ 1980ರಲ್ಲಿ ಬೆಲೆ ತನ್ನ ಸರಾಸರಿಯಿಂದ ಎಷ್ಟು ಸರಿದಿದೆ ಎಂದು ಅಳೆಯುವ ಕಮಾಡಿಟಿ ಚಾನೆಲ್ ಇಂಡೆಕ್ಸ್, ಅಂದರೆ ಸಿಸಿಐಯನ್ನು ಮುಂದಿಟ್ಟಾಗ ಸೂತ್ರದ ಛೇದದಲ್ಲಿ ಮಾನಕ ವಿಚಲನೆಯ ಬದಲು ಸರಾಸರಿ ವಿಚಲನೆಯನ್ನು ಇರಿಸಿದರು. ಸಂಖ್ಯಾಶಾಸ್ತ್ರ ಓದಿದವರಿಗೆ ಇದು ಹಳೆಯ ಕಾಲದ ಲೆಕ್ಕದಂತೆ ಕಾಣುತ್ತದೆ. ನನಗೂ ಕುತೂಹಲವಿತ್ತು. ಹಾಗಾಗಿ ಎರಡನ್ನೂ ಒಂದೇ ದೈನಿಕ ಚಾರ್ಟ್‌ನ ಕೆಳಗೆ ಇಟ್ಟುಕೊಂಡು ಸಾಕಷ್ಟು ಕಾಲ ನೋಡಿದೆ. ಕೊನೆಗೆ ಉಳಿಸಿಕೊಂಡದ್ದು ಲ್ಯಾಂಬರ್ಟರದನ್ನೇ. ಆದರೆ +100 ಎಂಬ ಗೆರೆಯನ್ನು ಓದುವ ರೀತಿ ಮಾತ್ರ ಬದಲಾಯಿತು.

ಮೊದಲು ಸೂತ್ರ. ದಿನದ ಗರಿಷ್ಠ, ಕನಿಷ್ಠ ಮತ್ತು ಮುಕ್ತಾಯದ ಬೆಲೆಗಳನ್ನು ಕೂಡಿಸಿ ಮೂರರಿಂದ ಭಾಗಿಸಿದರೆ ಆ ದಿನದ ಪ್ರಾತಿನಿಧಿಕ ಬೆಲೆ ಸಿಗುತ್ತದೆ. ಅದು ತನ್ನ ಸರಾಸರಿಯಿಂದ ಎಷ್ಟು ದೂರವಿದೆ ಎಂಬುದನ್ನು ಸರಾಸರಿ ವಿಚಲನೆಯ 0.015 ಪಟ್ಟಿನಿಂದ ಭಾಗಿಸಬೇಕು.

```
TP  = (H + L + C) / 3
CCI = (TP - SMA) / (0.015 * MD)
```

ಐದು ದಿನಗಳ ಚಿಕ್ಕ ಲೆಕ್ಕ ಮಾಡೋಣ. ಪ್ರಾತಿನಿಧಿಕ ಬೆಲೆಗಳು 100, 102, 101, 103, 109. ಸರಾಸರಿ 103. ಅದರಿಂದ ಇರುವ ದೂರಗಳು, ಚಿಹ್ನೆ ಬಿಟ್ಟು, 3, 1, 2, 0, 6. ಕೂಡಿದರೆ 12, ಐದರಿಂದ ಭಾಗಿಸಿದರೆ 2.4. ಕೊನೆಯ ದಿನದ ದೂರ 6. ಅದನ್ನು 0.036ರಿಂದ ಭಾಗಿಸಿದರೆ ಸಿಸಿಐ 166.67. ಅದೇ ಅಂಕಿಗಳ ಮಾನಕ ವಿಚಲನೆ 3.16, ಅಂದರೆ ಕೊನೆಯ ದಿನವು ಸರಾಸರಿಗಿಂತ 1.90 ಮಾನಕ ವಿಚಲನೆಯಷ್ಟು ಮೇಲಿದೆ.

ಈಗ ಕೊನೆಯ ಬೆಲೆ 109ರ ಬದಲು 150 ಎಂದಿಟ್ಟುಕೊಳ್ಳಿ. ಜಿಗಿತ ಎಷ್ಟೋ ಪಟ್ಟು ದೊಡ್ಡದಾಯಿತು. ಸಿಸಿಐ? ಮತ್ತೆ 166.67. ಮಾನಕ ವಿಚಲನೆಯ ಅಳತೆ 1.90ರಿಂದ 2.00ಕ್ಕೆ ಏರಿತು, ಅಷ್ಟೇ. ಇದು ಕಾಕತಾಳೀಯವಲ್ಲ. ಕೊನೆಯ ದಿನವೊಂದೇ ಸರಾಸರಿಗಿಂತ ಮೇಲಿದ್ದು ಉಳಿದವೆಲ್ಲ ಸರಾಸರಿಯಲ್ಲೋ ಅದರ ಕೆಳಗೋ ಇದ್ದರೆ, ಸಿಸಿಐ ತನ್ನ ಅತ್ಯಂತ ಎತ್ತರದ ಮಟ್ಟವನ್ನು ಮುಟ್ಟಿಬಿಡುತ್ತದೆ. ಆ ಮಟ್ಟವನ್ನು ನಿರ್ಧರಿಸುವುದು ದಿನಗಳ ಸಂಖ್ಯೆ ಮಾತ್ರ: ಅದನ್ನು 0.03ರಿಂದ ಭಾಗಿಸಿದರೆ ಸಾಕು. 20 ದಿನಗಳ ಸಿಸಿಐ 666.67ನ್ನು ದಾಟಲಾರದು. ಸಿಸಿಐಗೆ ಮೇಲ್ಮಿತಿ ಇಲ್ಲ ಎಂದು ಎಷ್ಟೋ ಕಡೆ ಬರೆದಿರುತ್ತಾರೆ, ಅದು ತಪ್ಪು. ಮಾನಕ ವಿಚಲನೆಗೂ ಇಂಥ ಮಿತಿ ಇದೆ, 20 ದಿನಗಳಿಗೆ 4.36. ಎರಡೂ ತುದಿಗಳಲ್ಲಿ ಹೇಳುವುದು ಏರಿಕೆಯ ಆಕಾರವನ್ನು, ಗಾತ್ರವನ್ನಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಜಿಗಿತ ಆದ ದಿನ ಅಲ್ಲ, ಅದರ ನಂತರದ ದಿನಗಳಲ್ಲಿ. ಬೆಲೆ ಒಂದು ಮಟ್ಟದ ಆಚೀಚೆ ಒಂದೊಂದೇ ಅಂಕ ಓಲಾಡುತ್ತಿದೆ ಎನ್ನಿ. ಆಗ ಎರಡು ವಿಚಲನೆಗಳೂ 1ರ ಆಸುಪಾಸಿನಲ್ಲಿರುತ್ತವೆ. 20 ದಿನಗಳಲ್ಲಿ ಒಂದು ದಿನ ಮಾತ್ರ ಬೆಲೆ 19 ಅಂಕ ಹಾರಿ ಮರಳಿತು. ಸರಾಸರಿ ವಿಚಲನೆ 1.8 ಆಗುತ್ತದೆ, ದೂರಗಳನ್ನು ವರ್ಗ ಮಾಡುವ ಮಾನಕ ವಿಚಲನೆ 4.24ಕ್ಕೆ ಉಬ್ಬುತ್ತದೆ. +100 ಎಂದರೆ 1.5 ಸರಾಸರಿ ವಿಚಲನೆ, ಗಂಟೆಯಾಕಾರದ ವಿತರಣೆಯಲ್ಲಿ ಅದು ಸುಮಾರು 1.2 ಮಾನಕ ವಿಚಲನೆಗೆ ಸಮ. ಆದ್ದರಿಂದ ಸಿಸಿಐ +100 ಮುಟ್ಟಲು ಬೆಲೆ ಸರಾಸರಿಗಿಂತ 2.7 ಅಂಕ ಮೇಲೇರಿದರೆ ಸಾಕು, ಇನ್ನೊಂದಕ್ಕೆ 5.1 ಬೇಕು. ಆ ಒಂದು ದಿನ ಲೆಕ್ಕದಿಂದ ಹೊರಬೀಳುವವರೆಗೆ ಮಾನಕ ವಿಚಲನೆಯ ಆವೃತ್ತಿ ಕಿವುಡಾಗಿರುತ್ತದೆ. ಸುದ್ದಿಯಿಂದ ಆಗಾಗ ಬೆಚ್ಚಿಬೀಳುವ ಸರಕುಗಳ ಚಾರ್ಟ್‌ನಲ್ಲಿ ಇದು ಕಣ್ಣಿಗೆ ರಾಚುತ್ತದೆ. ನನ್ನ ಆಯ್ಕೆಗೆ ಮುಖ್ಯ ಕಾರಣವೇ ಇದು.

ಈಗ ತುದಿಗಳನ್ನು ಓದುವ ಎರಡು ಪಂಥಗಳಿಗೆ ಬರೋಣ. ಲ್ಯಾಂಬರ್ಟ್ ಹೇಳಿದ್ದು: +100 ದಾಟಿದರೆ ಕೊಳ್ಳಿ, ಮತ್ತೆ ಅದರ ಕೆಳಗಿಳಿದಾಗ ಹೊರಬನ್ನಿ, -100ರ ಕೆಳಗೆ ಅದೇ ನಿಯಮ ತಿರುಗಾಮುರುಗಾ. ಇನ್ನೊಂದು ಪಂಥಕ್ಕೆ +100 ಎಂದರೆ ಓವರ್‌ಬಾಟ್, ಬೆಲೆ ಮಿತಿಮೀರಿ ಏರಿದೆ, ಮಾರಲು ಸಿದ್ಧರಾಗಿ. ಒಂದೇ ಗೆರೆ, ಎದುರುಬದುರು ಆದೇಶ.

ಇಲ್ಲಿ ಲೆಕ್ಕ ಸಹಾಯಕ್ಕೆ ಬರುತ್ತದೆ. ಬೆಲೆ ದಿನವೂ ಒಂದೇ ಪ್ರಮಾಣದಲ್ಲಿ, ಗೆರೆ ಎಳೆದಂತೆ ಏರುತ್ತಿದ್ದರೆ 20 ದಿನಗಳ ಸಿಸಿಐ ಎಷ್ಟಿರುತ್ತದೆ? ಕೊನೆಯ ದಿನ ಸರಾಸರಿಗಿಂತ 9.5 ಹೆಜ್ಜೆ ಮೇಲಿರುತ್ತದೆ, ಸರಾಸರಿ ವಿಚಲನೆ 5 ಹೆಜ್ಜೆ. ಉತ್ತರ 126.67. ಹೆಜ್ಜೆ ಚಿಕ್ಕದಿರಲಿ ದೊಡ್ಡದಿರಲಿ, ಉತ್ತರ ಅದೇ. ಅಂದರೆ ಶಾಂತವಾದ ನೇರ ಏರಿಕೆಯೊಂದು ತನ್ನ ಉದ್ದಕ್ಕೂ +100ರ ಮೇಲೇ ಕುಳಿತಿರುತ್ತದೆ. ಅದನ್ನು ಓವರ್‌ಬಾಟ್ ಎಂದು ಮಾರುವವರು ಪ್ರತಿಯೊಂದು ಒಳ್ಳೆಯ ಏರಿಕೆಯಲ್ಲೂ ನಷ್ಟದ ಕಡೆ ನಿಲ್ಲುತ್ತಾರೆ. ಮಾನಕ ವಿಚಲನೆಯಲ್ಲಿ ಇದೇ ಏರಿಕೆ 1.65ರಲ್ಲಿರುತ್ತದೆ, ಹಾಗಾಗಿ ಎರಡು ಮಾನಕ ವಿಚಲನೆಯ ಪಟ್ಟಿಯನ್ನು ಅದು ಮುಟ್ಟುವುದೇ ಇಲ್ಲ. ಸಿಸಿಐ +200 ದಾಟಬೇಕಾದರೆ ಏರಿಕೆ ವೇಗ ಪಡೆಯಬೇಕು, ಅಥವಾ ನಿಂತ ನೀರಿನಂಥ ಬೆಲೆ ಹಠಾತ್ತನೆ ಮೇಲೇಳಬೇಕು.

ಹಾಗೆಂದು ಲ್ಯಾಂಬರ್ಟರ ನಿಯಮವೂ ಎಲ್ಲ ಕಡೆ ನಡೆಯುವುದಿಲ್ಲ. ಬೆಲೆ ಇಪ್ಪತ್ತು ದಿನಕ್ಕೊಂದು ಸುತ್ತಿನಂತೆ ಅಲೆಯಾಗಿ ಏರಿಳಿಯುತ್ತಿದ್ದರೆ, 20 ದಿನಗಳ ಸಿಸಿಐ ಅಲೆಯ ತುದಿಯಲ್ಲಿ 105ರ ಹತ್ತಿರ ಬಂದು ಎರಡು ಮೂರು ದಿನಗಳಲ್ಲಿ ಇಳಿಯುತ್ತದೆ. ನಿಯಮ ಪಾಲಿಸಿದವನು ಸರಿಯಾಗಿ ನೆತ್ತಿಯ ಮೇಲೆ ಕೊಳ್ಳುತ್ತಾನೆ. ಲೆಕ್ಕದ ಅವಧಿ ಬೆಲೆಯ ಆವರ್ತದ ಮೂರನೇ ಒಂದರಷ್ಟಿರಲಿ ಎಂದು ಲ್ಯಾಂಬರ್ಟ್ ಸೂಚಿಸಿದ್ದನ್ನು ಬಹಳ ಮಂದಿ ಮರೆತು, ತಂತ್ರಾಂಶ ಕೊಟ್ಟ ಅಂಕಿಯನ್ನೇ ಒಪ್ಪಿಕೊಳ್ಳುತ್ತಾರೆ. ನಾನು ಈಗ ನೋಡುವುದು ದಾಟಿದ ಕ್ಷಣವನ್ನಲ್ಲ, ಅಲ್ಲಿ ತಂಗಿದ ಅವಧಿಯನ್ನು. ವಾರದ ವಹಿವಾಟಿನ ನಂತರವೂ 100 ಮತ್ತು 135ರ ನಡುವೆ ನಿಂತಿದ್ದರೆ ಮಾರುವ ಯೋಚನೆ ಬಿಡುತ್ತೇನೆ. ಮಾರುವವರ ಪಂಥಕ್ಕೆ ಕಿವಿಗೊಡುವುದು ಪಕ್ಕಕ್ಕೆ ತೆವಳುವ ಮಾರುಕಟ್ಟೆಯಲ್ಲಿ, ಅದೂ ಸಿಸಿಐ +100ರ ಕೆಳಗೆ ಮರಳಿದ ಮೇಲೆ ಮಾತ್ರ.

ನಿಮ್ಮ ಹಾಳೆಯಲ್ಲಿ ಈ ಅಂಕಿಗಳು ಬಾರದಿದ್ದರೆ ಕೋಡ್ ನೋಡಿಕೊಳ್ಳಿ. ಪ್ರತಿ ದಿನದ ದೂರವನ್ನು ಇಂದಿನ ಸರಾಸರಿಯಿಂದ ಅಳೆಯಬೇಕು, ಆಯಾ ದಿನದ ಸರಾಸರಿಯಿಂದಲ್ಲ.

```
ma = tp.rolling(20).mean()
# ತಪ್ಪು
md = (tp - ma).abs().rolling(20).mean()
# ಸರಿ
md = tp.rolling(20).apply(
    lambda x: abs(x - x.mean()).mean(), raw=True)
```

ಪರೀಕ್ಷೆ ಸುಲಭ. 1, 2, 3 ಎಂದು ಏರುವ ಐವತ್ತು ಅಂಕಿಗಳನ್ನು ಕೊಡಿ. ಸರಿಯಾದ ಲೆಕ್ಕ 126.67 ತೋರಿಸುತ್ತದೆ. ತಪ್ಪಾದದ್ದು 66.67ರಲ್ಲಿ ನಿಲ್ಲುತ್ತದೆ, ಅಂದರೆ ಎಂಥ ನೇರ ಏರಿಕೆಯಲ್ಲೂ +100 ದಾಟುವುದೇ ಇಲ್ಲ. ಎಲ್ಲ ಬೆಲೆಗಳೂ ಒಂದೇ ಆಗಿದ್ದರೆ ಛೇದ ಸೊನ್ನೆಯಾಗುತ್ತದೆ, ಅಲ್ಲಿ ಲೆಕ್ಕ ಖಾಲಿ ಬಿಡಬೇಕು. ವಹಿವಾಟೇ ಇಲ್ಲದೆ ಬೆಲೆ ಹೆಪ್ಪುಗಟ್ಟಿದ್ದ ಸರಕಿನಲ್ಲಿ ಬೆಲೆ ಒಂದೇ ಪೈಸೆ ಮೇಲಕ್ಕೆ ಕದಲಿದರೂ ಸಿಸಿಐ ನೇರವಾಗಿ 666.67 ತೋರಿಸುತ್ತದೆ, ಅಂಥ ಅಂಕಿ ಕಂಡರೆ ಆ ದಿನದ ವಹಿವಾಟಿನ ಪ್ರಮಾಣವನ್ನು ಮೊದಲು ನೋಡುತ್ತೇನೆ.