24 ಬ್ರಾಂಚ್, ಎರಡು ವರ್ಷ: ಬಾರ್, ಡಂಬೆಲ್, ಸ್ಲೋಪ್ ಮೂರರಲ್ಲಿ ಯಾವುದು?

ಒಂದೇ ಮಾರಾಟದ ಪಟ್ಟಿಯನ್ನು ಮೂರು ಥರ ಬಿಡಿಸಿ ನೋಡಿದೆ. 24 ಬ್ರಾಂಚ್, 2023 ಮತ್ತು 2024ರ ಲೆಕ್ಕ. ನನಗೆ ಬೇಕಿದ್ದದ್ದು ಇಷ್ಟೇ: ಉಳಿದವೆಲ್ಲ ಮೇಲೆ ಹೋಗುವಾಗ ಯಾವ ಬ್ರಾಂಚ್ ಕೆಳಗಿಳಿದಿದೆ?

ಜೋಡಿ ಬಾರ್ ಚಾರ್ಟ್ ಈ ಕೆಲಸಕ್ಕೆ ಆಗುವುದಿಲ್ಲ. 48 ಕಂಬ ಎದ್ದು ನಿಲ್ಲುತ್ತವೆ. ಪ್ರತಿ ಜೋಡಿಯಲ್ಲೂ ಎಷ್ಟು ವ್ಯತ್ಯಾಸ ಅಂತ ನೋಡುವವರೇ ಲೆಕ್ಕ ಹಾಕಿಕೊಳ್ಳಬೇಕು. ನಾಲ್ಕೈದು ಬ್ರಾಂಚ್ ಇದ್ದರೆ ಪರವಾಗಿಲ್ಲ.

ಡಂಬೆಲ್ ಚಾರ್ಟ್ ಎಷ್ಟೋ ವಾಸಿ. ಒಂದು ಬ್ರಾಂಚ್‌ಗೆ ಒಂದು ಸಾಲು, ಎರಡು ಚುಕ್ಕಿ, ನಡುವೆ ಗೆರೆ. ಹೆಸರುಗಳು ಒಂದರ ಮೇಲೊಂದು ಬೀಳುವುದೇ ಇಲ್ಲ. ಆದರೆ ಏರಿದೆಯೋ ಇಳಿದಿದೆಯೋ ತಿಳಿಯಲು ಚುಕ್ಕಿಯ ಬಣ್ಣ ನೋಡಲೇಬೇಕು. ಯಾರು ಯಾರನ್ನು ಹಿಂದೆ ಹಾಕಿದರು ಅನ್ನುವುದೂ ಕಾಣುವುದಿಲ್ಲ.

ಸ್ಲೋಪ್ ಚಾರ್ಟ್‌ನಲ್ಲಿ ಎಡಗಡೆ 2023, ಬಲಗಡೆ 2024, ಪ್ರತಿ ಬ್ರಾಂಚ್‌ಗೂ ಒಂದು ಗೆರೆ. ಇಳಿದವು ತಕ್ಷಣ ಕಣ್ಣಿಗೆ ಬೀಳುತ್ತವೆ. ಎರಡು ಗೆರೆ ಕತ್ತರಿಸಿದರೆ ಸ್ಥಾನ ಅದಲುಬದಲಾಗಿದೆ ಅಂತಲೇ ಅರ್ಥ. ಎಕ್ಸೆಲ್‌ನಲ್ಲಿ ಸುಮ್ನೆ ಲೈನ್ ಚಾರ್ಟ್ ಹಾಕಿದರೆ ಬ್ರಾಂಚ್‌ಗಳೇ ಅಡ್ಡಸಾಲಿಗೆ ಬಂದು ಕೂರುತ್ತವೆ. `Switch Row/Column` ಒತ್ತಿದ ಮೇಲೆ ಸರಿಯಾಗುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಲೇಬೇಕು. ದೊಡ್ಡ ಬ್ರಾಂಚ್ 400ರಿಂದ 440ಕ್ಕೆ ಹೋಯಿತು ಅನ್ನಿ, ಅಂದರೆ ಶೇ 10 ಏರಿಕೆ. ಚಿಕ್ಕದು 20ರಿಂದ 30ಕ್ಕೆ ಹೋಯಿತು, ಶೇ 50. ಮಾಮೂಲಿ ಸ್ಕೇಲ್‌ನಲ್ಲಿ ದೊಡ್ಡದರ ಗೆರೆ ಚಿಕ್ಕದರ ನಾಲ್ಕರಷ್ಟು ಮೇಲೇರುತ್ತದೆ. ಚಿಕ್ಕದು ಹೆಚ್ಚುಕಡಿಮೆ ಮಲಗಿದಂತೆ ಕಾಣುತ್ತದೆ. ಅದೇ ಲಾಗ್ ಸ್ಕೇಲ್‌ಗೆ ಬದಲಿಸಿದರೆ ಚಿತ್ರ ಪೂರ್ತಿ ತಿರುಗುತ್ತದೆ: ಚಿಕ್ಕದೇ ದೊಡ್ಡದರ ನಾಲ್ಕರಷ್ಟಕ್ಕಿಂತ ಸ್ವಲ್ಪ ಜಾಸ್ತಿ ಏರುತ್ತದೆ. ಅಲ್ಲಿ ಶೇಕಡಾವಾರು ಏರಿಕೆ ಒಂದೇ ಆಗಿದ್ದರೆ ಗೆರೆಯ ಓರೆಯೂ ಒಂದೇ. ಬ್ರಾಂಚ್ ಮ್ಯಾನೇಜರ್‌ಗಳ ಕೆಲಸ ಅಳೆಯುವುದಾದರೆ ಇದೇ ನ್ಯಾಯ. ಒಟ್ಟು ಮಾರಾಟ ಎಲ್ಲಿಂದ ಬಂತು ಅಂತ ಕೇಳಿದರೆ ಮಾಮೂಲಿ ಸ್ಕೇಲೇ ಸರಿ.

ಲಾಗ್ ಸ್ಕೇಲ್‌ನಲ್ಲಿ ಸೊನ್ನೆಗೆ ಜಾಗವಿಲ್ಲ, ನಷ್ಟಕ್ಕೂ ಇಲ್ಲ. ಹಾಗಾಗಿ ಲಾಭದ ಅಂಕಿಗಳಲ್ಲಿ ಮೈನಸ್ ಇದ್ದರೆ ಅದನ್ನು ಬಳಸಬೇಡಿ. 2023ರ ನಡುವೆ ತೆರೆದ ಬ್ರಾಂಚ್ ಕೂಡ ಸುಳ್ಳು ಜಿಗಿತ ತೋರಿಸುತ್ತದೆ. ಅದಕ್ಕೆ ಅರ್ಧ ವರ್ಷದ ಲೆಕ್ಕವೇ ಇರುತ್ತದಲ್ವಾ? ಅಂಥವನ್ನು ಚಾರ್ಟ್‌ನಿಂದ ತೆಗೆದು ಕೆಳಗೆ ಬೇರೆ ಬರೆಯುತ್ತೇನೆ.

ಸ್ಲೋಪ್‌ನ ನಿಜವಾದ ತೊಂದರೆ ಹೆಸರುಗಳು. ಹತ್ತಿರ ಹತ್ತಿರದ ಅಂಕಿಗಳಿರುವ ಕಡೆ ಅವು ಒಂದರ ಮೇಲೊಂದು ಕೂತು ಓದಲಿಕ್ಕೇ ಆಗುವುದಿಲ್ಲ. ಎಲ್ಲ ಗೆರೆಗಳನ್ನೂ ತಿಳಿ ಬೂದು ಮಾಡಿ, ಇಳಿದ ಮೂರ್ನಾಲ್ಕಕ್ಕೆ ಮಾತ್ರ ಬಣ್ಣ ಮತ್ತು ಹೆಸರು ಕೊಟ್ಟಾಗ ಚಾರ್ಟ್ ಮಾತಾಡಿತು. ಮೀಟಿಂಗ್‌ಗೆ ನಾನು ಒಯ್ಯುವುದು ಇದನ್ನೇ. ಪ್ರತಿಯೊಬ್ಬ ಮ್ಯಾನೇಜರ್ ತನ್ನ ಬ್ರಾಂಚ್ ಹುಡುಕಿಕೊಳ್ಳಬೇಕಾದ ವರದಿಗೆ ಮಾತ್ರ ಡಂಬೆಲ್ ಹಾಕುತ್ತೇನೆ.