ಸ್ಟೆಪ್‌ಅಪ್ ಎಸ್‌ಐಪಿ: ನಾನು ಎಡವಿದ್ದು ₹500ರಲ್ಲಿ

ತುಮಕೂರಿನ ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. 2020ರ ಜೂನ್‌ನಲ್ಲಿ ಮ್ಯೂಚುವಲ್ ಫಂಡಿಗೆ ತಿಂಗಳಿಗೆ ₹5,000 ಕಂತು ಕಟ್ಟುವ ಎಸ್‌ಐಪಿ ಶುರು ಮಾಡಿದೆ. ಪ್ರತಿ ವರ್ಷ ಕಂತು ಶೇ 10 ಏರಬೇಕು, ಹತ್ತು ವರ್ಷ ಕಟ್ಟಬೇಕು, ಆ ಹಣ ಮಗಳ ಓದಿಗೆ ಆಗಬೇಕು ಅಂತ ಲೆಕ್ಕ. ವರ್ಷಕ್ಕೆ ಶೇ 12 ಲಾಭ ಬಂದರೆ ಕೊನೆಗೆ ₹16.87 ಲಕ್ಷ ಅಂತ ಆ್ಯಪಿನ ಕ್ಯಾಲ್ಕುಲೇಟರ್ ತೋರಿಸಿತ್ತು. ಅದನ್ನೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟೆ.

ಎರಡನೇ ವರ್ಷ ₹5,500 ಕಡಿತವಾಯಿತು, ಸರಿಯಾಗಿತ್ತು. ಮೂರನೇ ವರ್ಷ ₹6,050 ಹೋಗಬೇಕಾದಲ್ಲಿ ₹6,000 ಹೋಯಿತು. ರೌಂಡ್ ಮಾಡಿರಬೇಕು ಅಂದುಕೊಂಡು ಸುಮ್ಮನಾದೆ. 2023ರ ಜೂನ್‌ನಲ್ಲಿ ಬ್ಯಾಂಕಿನ ಮೆಸೇಜು ₹6,500 ಅಂದಿತು, ನನ್ನ ನೋಟ್‌ಬುಕ್ಕಿನಲ್ಲಿ ₹6,655 ಇತ್ತು. ಆಗ ಹಳೆಯ ಅರ್ಜಿ ತೆಗೆದು ನೋಡಿದೆ. ಏರಿಕೆಯನ್ನು ಶೇಕಡಾದಲ್ಲಿ ಕೇಳದೆ, ₹500 ಅಂತ ಮೊತ್ತದಲ್ಲಿ ತುಂಬಿದ್ದೆ. ಮೊದಲ ಏರಿಕೆ ಎರಡರಲ್ಲೂ ಒಂದೇ ಆಗಿದ್ದರಿಂದ ತಪ್ಪು ಕಣ್ಣಿಗೆ ಬಿದ್ದಿರಲಿಲ್ಲ.

ಹಾಗೇ ಬಿಟ್ಟಿದ್ದರೆ ಹತ್ತನೇ ವರ್ಷದ ಕಂತು ₹11,790ರ ಬದಲು ₹9,500 ಆಗುತ್ತಿತ್ತು. ಅದೇ ಶೇ 12ರಲ್ಲಿ ಕೊನೆಯ ಮೊತ್ತ ₹15.73 ಲಕ್ಷ, ಅಂದರೆ ₹1.14 ಲಕ್ಷ ಖೋತಾ. ನಡೆಯುತ್ತಿದ್ದ ಎಸ್‌ಐಪಿಯಲ್ಲಿ ಏರಿಕೆಯ ರೀತಿ ಬದಲಿಸಲು ನನ್ನ ಆ್ಯಪಿನಲ್ಲಿ ದಾರಿ ಇರಲಿಲ್ಲ. ಅದನ್ನು ನಿಲ್ಲಿಸಿ, ಫಂಡಿನಲ್ಲಿ ನನ್ನ ಹೆಸರಿನ ಖಾತೆಯಾದ ಅದೇ ಫೋಲಿಯೊದಲ್ಲಿ ₹6,655ಕ್ಕೆ ಹೊಸದು ಹಾಕಿ, ಶೇ 10 ಆರಿಸಿಕೊಂಡೆ. ಹಳೆಯ ಯೂನಿಟ್‌ಗಳು ಇದ್ದಲ್ಲೇ ಇದ್ದವು.

ಆಗಲೇ ಇನ್ನೊಂದು ವಿಷಯ ಗಮನಕ್ಕೆ ಬಂತು. ಕಂತು ತಾನಾಗಿ ಕಡಿತವಾಗಲು ಬ್ಯಾಂಕಿಗೆ ಕೊಡುವ ಅನುಮತಿಗೆ, ಅಂದರೆ ಮ್ಯಾಂಡೇಟ್‌ಗೆ, ನಾನು ಕೊಟ್ಟಿದ್ದ ಗರಿಷ್ಠ ಮಿತಿ ₹10,000. ಒಂಬತ್ತನೇ ವರ್ಷ ಕಂತು ₹10,718 ಆಗುತ್ತದೆ, ಮಿತಿ ಮೀರಿದ ಕಂತು ಕಡಿತವಾಗುವುದಿಲ್ಲ. ಮಿತಿಯನ್ನು ₹15,000ಕ್ಕೆ ಏರಿಸಿ ಮ್ಯಾಂಡೇಟ್ ಹೊಸದಾಗಿ ಮಾಡಿಸಿದೆ. ಅರ್ಜಿ ತುಂಬುವಾಗಲೇ ಕೊನೆಯ ವರ್ಷದ ಕಂತು ಎಷ್ಟಾಗುತ್ತದೆ ಅಂತ ಗುಣಿಸಿ ನೋಡಿ, ಮಿತಿ ಅದಕ್ಕಿಂತ ಮೇಲಿರಲಿ.

ಏರಿಕೆಯಿಂದ ನಿಜಕ್ಕೂ ಎಷ್ಟು ಲಾಭ ಅಂತ ಕೇಳುವವರಿಗೆ ನನ್ನ ಲೆಕ್ಕ ಹೇಳುತ್ತೇನೆ. ಏರಿಕೆಯಿಲ್ಲದೆ ₹5,000ವನ್ನೇ ಹತ್ತು ವರ್ಷ ಕಟ್ಟಿದರೆ ಶೇ 12ರಲ್ಲಿ ₹11.62 ಲಕ್ಷ ಬರುತ್ತದೆ. ಏರಿಸಿದರೆ ₹5.25 ಲಕ್ಷ ಹೆಚ್ಚು. ಆದರೆ ಅದರಲ್ಲಿ ₹3.56 ಲಕ್ಷ ನಾವೇ ಹೆಚ್ಚಿಗೆ ಕಟ್ಟಿದ ದುಡ್ಡು. ದೊಡ್ಡ ಕಂತುಗಳೆಲ್ಲ ಕೊನೆಯ ವರ್ಷಗಳಲ್ಲಿ ಬೀಳುವುದರಿಂದ ಅವಕ್ಕೆ ಬೆಳೆಯಲು ಸಮಯ ಸಿಗುವುದಿಲ್ಲ. ಕೈಯಲ್ಲಿ ಆಗುವಂತಿದ್ದರೆ ಮೊದಲ ಕಂತನ್ನೇ ದೊಡ್ಡದಿಡಿ ಅಂತ ಈಗ ಹೇಳುತ್ತೇನೆ.

ಇನ್ನು ಆ ಶೇ 12. ಅದು ನಾವು ಊಹಿಸಿಕೊಂಡ ಅಂಕಿ, ಫಂಡ್ ಕೊಟ್ಟ ಮಾತಲ್ಲ. ಶೇ 9 ಹಾಕಿದರೆ ಅದೇ ಕಂತುಗಳಿಗೆ ಸುಮಾರು ₹14.5 ಲಕ್ಷ ಬರುತ್ತದೆ. ಮಗಳ ಕಾಲೇಜಿಗೆ ನಾನು ನೆಚ್ಚಿಕೊಂಡಿರುವುದು ಈ ಅಂಕಿಯನ್ನೇ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ 16.87ರ ಕೆಳಗೆ ಅದನ್ನೂ ಬರೆದಿದ್ದೇನೆ.