ಬಾಲ್ಕನಿ ರೂಮಿಗೆ ದುಡ್ಡು ಕಟ್ಟಿ ಹಿಂಬದಿಯ ರೂಮು ಸಿಕ್ಕಾಗ: ನಾನು ಹೋದ ದಾರಿ, ತಮ್ಮ ಹೋದ ದಾರಿ

ಕಳೆದ ಡಿಸೆಂಬರಿನಲ್ಲಿ ಶಿವಮೊಗ್ಗದಿಂದ ತೀರ್ಥಹಳ್ಳಿ ದಾಟಿ ಆಗುಂಬೆ ಕಡೆಗೆ ಎರಡು ರಾತ್ರಿಗೆ ಹೋಗಿದ್ದೆವು. ನಾನು, ಅಮ್ಮ, ತಮ್ಮ, ಅವನ ಹೆಂಡತಿ. ಒಂದೇ ಆಪ್‌ನಲ್ಲಿ ಒಂದೇ ಥರದ ಎರಡು ರೂಮು ಬುಕ್ ಮಾಡಿದ್ದೆವು. ನಾನು ಯುಪಿಐನಲ್ಲಿ ಕಟ್ಟಿದೆ, ತಮ್ಮ ಕ್ರೆಡಿಟ್ ಕಾರ್ಡಿನಲ್ಲಿ. ರಾತ್ರಿಗೆ 3,600, ಎರಡು ರಾತ್ರಿಗೆ 7,200, ಮೇಲೆ ಶೇಕಡಾ 5 ಜಿಎಸ್‌ಟಿ ಸೇರಿ 7,560 ರೂಪಾಯಿ. ಬಾಲ್ಕನಿಯಿಂದ ಕಣಿವೆ ಕಾಣುತ್ತೆ, ವೆಸ್ಟರ್ನ್ ಕಮೋಡ್ ಇದೆ ಅಂತ ಬರೆದಿತ್ತು. ಅಮ್ಮನಿಗೆ ಮಂಡಿನೋವು, ಹಾಗಾಗಿ ನಾನು ಮೊದಲು ನೋಡಿದ್ದೇ ಆ ಕಮೋಡನ್ನ.

ಹೋಗಿ ನೋಡಿದರೆ ಎರಡೂ ರೂಮು ಹಿಂಬದಿಯವು. ಕಿಟಕಿ ತೆಗೆದರೆ ಎದುರಿಗೆ ಧರೆ, ಬಾಲ್ಕನಿ ಇಲ್ಲ, ಬಚ್ಚಲಲ್ಲಿ ಇಂಡಿಯನ್ ಕಮೋಡ್. "ಒಂದ್ ದಿನ ಅಡ್ಜಸ್ಟ್ ಮಾಡ್ಕೊಳ್ಳಿ ಮೇಡಂ, ಮುಂದಿನ ರೂಮಲ್ಲಿ ಇರೋರು ನಾಳೆ ಖಾಲಿ ಮಾಡ್ತಾರೆ" ಅಂದರು ಮಾಲೀಕರು. ಮರುದಿನ ಅವರು ಖಾಲಿ ಮಾಡಲಿಲ್ಲ. ಕತ್ತಲಾದ ಮೇಲೆ ಘಾಟಿ ಇಳಿದು ಸೋಮೇಶ್ವರದ ಕಡೆ ಹೋಗಿ ಬೇರೆ ರೂಮು ಹುಡುಕುವುದು ಅಮ್ಮನನ್ನು ಕಟ್ಟಿಕೊಂಡು ಆಗುವ ಕೆಲಸ ಅಲ್ಲ. ಉಳಿದುಕೊಂಡೆವು. ಆಮೇಲೆ ದುಡ್ಡು ಕೇಳುವ ವಿಷಯದಲ್ಲಿ ನಾನೂ ತಮ್ಮನೂ ಬೇರೆ ಬೇರೆ ದಾರಿ ಹಿಡಿದೆವು.

ತಮ್ಮನಿಗೆ ಸಿಟ್ಟು ಜಾಸ್ತಿ ಬಂದಿತ್ತು. ಅಲ್ಲಿ ಯಾರ ಹತ್ತಿರವೂ ಮಾತಾಡದೆ ಮನೆಗೆ ಬಂದು ಕಾರ್ಡ್ ಕೊಟ್ಟ ಬ್ಯಾಂಕಿಗೆ ಚಾರ್ಜ್‌ಬ್ಯಾಕ್, ಅಂದರೆ ಕಾರ್ಡಿನಲ್ಲಿ ಕಟ್ಟಿದ ದುಡ್ಡು ವಾಪಸ್ ತರಿಸಿ ಅನ್ನುವ ದೂರು ಹಾಕಿದ, ಪೂರ್ತಿ 7,560ಕ್ಕೆ. ಕಾರಣ ಕೇಳಿದ ಕಡೆ "ಸೇವೆ ಸಿಕ್ಕಿಲ್ಲ" ಅಂತ ಆರಿಸಿದ. ಬ್ಯಾಂಕಿನವರು ತಾತ್ಕಾಲಿಕವಾಗಿ ದುಡ್ಡು ವಾಪಸ್ ಹಾಕಿದಾಗ ಗೆದ್ದೆ ಅಂದುಕೊಂಡಿದ್ದ. ಕೆಲವು ವಾರ ಆದ ಮೇಲೆ ಆಪ್‌ನವರು ರಿಜಿಸ್ಟರಿನಲ್ಲಿ ಅವನು ಮಾಡಿದ ಸಹಿಯ ಫೋಟೋ ಕಳಿಸಿದರು. ಎರಡು ರಾತ್ರಿ ಉಳಿದಿದ್ದಾರಲ್ಲ, ಸೇವೆ ಸಿಕ್ಕಿಲ್ಲ ಅನ್ನುವುದು ಹೇಗೆ? ಬ್ಯಾಂಕು ಹಾಕಿದ್ದ ದುಡ್ಡನ್ನು ವಾಪಸ್ ತೆಗೆದುಕೊಂಡಿತು. ಅವನು ಆರಿಸಬೇಕಿದ್ದ ಕಾರಣ "ಹೇಳಿದ ಹಾಗೆ ಇರಲಿಲ್ಲ" ಅನ್ನುವುದು, ಕೇಳಬೇಕಿದ್ದದ್ದು ವ್ಯತ್ಯಾಸದ ದುಡ್ಡು ಮಾತ್ರ. ಚಾರ್ಜ್‌ಬ್ಯಾಕ್ ಕೆಟ್ಟ ದಾರಿ ಅಂತ ನಾನು ಹೇಳುತ್ತಿಲ್ಲ. ಆದರೆ ಅಲ್ಲಿ ಕಾರಣ ತಪ್ಪಾದರೆ ಸರಿಯಾದ ದೂರೂ ಬಿದ್ದುಹೋಗುತ್ತೆ. ಮೊದಲು ಮಾರಿದವರನ್ನು ಕೇಳಿದ್ದೀರಾ ಅಂತ ಬ್ಯಾಂಕಿನವರೂ ಕೇಳುತ್ತಾರೆ, ತೋರಿಸಲು ಅವನ ಹತ್ತಿರ ಒಂದು ಮೆಸೇಜೂ ಇರಲಿಲ್ಲ.

ನಾನು ಅಲ್ಲೇ ಶುರು ಮಾಡಿದೆ. ಬ್ಯಾಗು ಬಿಚ್ಚುವ ಮುಂಚೆ ಬಾಗಿಲ ಮೇಲಿನ ನಂಬರಿನಿಂದ ಹಿಡಿದು ಕಿಟಕಿ, ಬಚ್ಚಲಿನವರೆಗೆ ಒಂದೇ ವಿಡಿಯೋ ಮಾಡಿದೆ. ಮಾಲೀಕರಿಗೆ ವಾಟ್ಸಾಪ್‌ನಲ್ಲಿ, "ಅಣ್ಣ, ನಾವು ಬುಕ್ ಮಾಡಿದ್ದು ಬಾಲ್ಕನಿ ರೂಮು, ಕೊಟ್ಟಿದ್ದು ಹಿಂಬದಿಯದು, ವ್ಯತ್ಯಾಸದ ದುಡ್ಡು ವಾಪಸ್ ಬೇಕು" ಅಂತ ಬರೆದೆ. "ಹೌದು ಮೇಡಂ, ಆ ರೂಮು ಖಾಲಿ ಇರಲಿಲ್ಲ, ದುಡ್ಡಿನ ವಿಷಯ ಆಪ್‌ನವರನ್ನ ಕೇಳಿ" ಅಂತ ಉತ್ತರ ಬಂತು. ದುಡ್ಡು ಬರಲಿಲ್ಲ ನಿಜ, ಆದರೆ ಆ "ಹೌದು" ಆಮೇಲೆ ಬಹಳ ಕೆಲಸಕ್ಕೆ ಬಂತು. ನಾವು ಮುಂಗಡ ಕಟ್ಟಿದ ದುಡ್ಡು ಇನ್ನೂ ಅವರ ಕೈಗೆ ಬಂದಿರಲಿಲ್ಲ, ಚೆಕ್‌ಔಟ್ ಆದ ಮೇಲೆ ಆಪ್‌ನಿಂದ ಬರುತ್ತಂತೆ. ಹೋಟೆಲ್‌ನಲ್ಲೇ ಕಟ್ಟುವ ಬುಕಿಂಗ್ ಆಗಿದ್ದರೆ ಅಲ್ಲೇ ಕಮ್ಮಿ ಮಾಡಿಸಿಕೊಳ್ಳಬಹುದಿತ್ತು.

ಆಪ್‌ನ ಚಾಟ್‌ನಲ್ಲಿ ನಾನೂ ಮೊದಲು ತಪ್ಪು ಮಾಡಿದೆ. "ರೂಮು ಫೋಟೋದಲ್ಲಿ ಇದ್ದ ಹಾಗೆ ಇಲ್ಲ, ಚೆನ್ನಾಗಿಲ್ಲ" ಅಂತ ಬರೆದೆ. ಅವು ಇಡೀ ಜಾಗದ ಫೋಟೋಗಳು, ನಿಮ್ಮ ರೂಮಿನವಲ್ಲ ಅಂದರು, 500 ರೂಪಾಯಿ ಕೂಪನ್ ಕೊಡುತ್ತೇವೆ ಅಂದರು. ಒಪ್ಪಿದರೆ ದೂರು ಅಲ್ಲಿಗೆ ಮುಗಿಯಿತು ಅಂತ ಕೆಳಗೆ ಸಣ್ಣದಾಗಿ ಇತ್ತು. ಒಪ್ಪಲಿಲ್ಲ. ಆಗ ಬುಕಿಂಗ್ ವೋಚರ್ ತೆಗೆದು ಓದಿದೆ. ಅದರಲ್ಲಿ ರೂಮಿನ ಹೆಸರೇ "ವ್ಯಾಲಿ ವ್ಯೂ ಡಿಲಕ್ಸ್ ವಿತ್ ಬಾಲ್ಕನಿ" ಅಂತ ಇದೆ! ಫೋಟೋ ಬಗ್ಗೆ ವಾದ ಮಾಡಬಹುದು, ವೋಚರಿನಲ್ಲಿರುವ ಹೆಸರಿನ ಬಗ್ಗೆ ಮಾಡೋಕೆ ಆಗಲ್ಲ. ಅದೇ ಜಾಗದ ಹಿಂಬದಿಯ ರೂಮು ಅದೇ ಆಪ್‌ನಲ್ಲಿ "ಸ್ಟ್ಯಾಂಡರ್ಡ್" ಅಂತ 2,400ಕ್ಕೆ ಇತ್ತು. ಅದರ ಸ್ಕ್ರೀನ್‌ಶಾಟನ್ನು ಅಲ್ಲಿದ್ದ ರಾತ್ರಿಯೇ ತೆಗೆದಿಟ್ಟಿದ್ದೆ. ದರ ದಿನಾ ಬದಲಾಗುತ್ತೆ, ಮನೆಗೆ ಬಂದ ಮೇಲೆ ನೋಡಿದರೆ ಪ್ರಯೋಜನ ಇಲ್ಲ.

ಆಮೇಲೆ ಆಪ್‌ನ ದೂರು ಅಧಿಕಾರಿಗೆ ಇಮೇಲ್ ಮಾಡಿದೆ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಇಂಥ ಕಂಪನಿ ಒಬ್ಬ ದೂರು ಅಧಿಕಾರಿಯ ಹೆಸರು, ಸಂಪರ್ಕದ ವಿವರ ಹಾಕಿರಲೇಬೇಕು, ಅವರು 48 ಗಂಟೆಯೊಳಗೆ ದೂರು ಸಿಕ್ಕಿದೆ ಅನ್ನಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ನಾನು ಬರೆದದ್ದು ಇಷ್ಟೇ:

"ವೋಚರಿನಲ್ಲಿರುವುದು ವ್ಯಾಲಿ ವ್ಯೂ ಡಿಲಕ್ಸ್ ವಿತ್ ಬಾಲ್ಕನಿ. ಕೊಟ್ಟಿದ್ದು ಸ್ಟ್ಯಾಂಡರ್ಡ್ ರೂಮು, ಮಾಲೀಕರು ಒಪ್ಪಿದ ಮೆಸೇಜ್ ಜೊತೆಗಿದೆ. ಎರಡು ದರದ ವ್ಯತ್ಯಾಸ ರಾತ್ರಿಗೆ 1,200. ಎರಡು ರಾತ್ರಿಗೆ 2,400, ಅದರ ಮೇಲೆ ನಾನು ಕಟ್ಟಿದ ಜಿಎಸ್‌ಟಿ 120. ಒಟ್ಟು 2,520 ರೂಪಾಯಿ ಕಟ್ಟಿದ ಖಾತೆಗೇ ವಾಪಸ್ ಕೊಡಿ. ಕೂಪನ್ ಬೇಡ."

ಅಮ್ಮ ಎರಡು ದಿನ ಪಟ್ಟ ಕಷ್ಟ ಬರೆಯಬೇಕು ಅಂತ ಕೈ ತುರಿಸುತ್ತಿತ್ತು. ಅದಕ್ಕೆ ಲೆಕ್ಕ ಹೇಗೆ ಕಟ್ಟುವುದು ಅಂತ ಬಿಟ್ಟೆ. ಬೆಳಿಗ್ಗೆ ಮಂಜು ಮುಚ್ಚಿದ್ದು, ಕರೆಂಟು ಹೋಗಿದ್ದು, ನೆಟ್‌ವರ್ಕ್ ಸಿಗದೇ ಇದ್ದದ್ದು ಇದನ್ನೂ ಸೇರಿಸಲಿಲ್ಲ. ಮಲೆನಾಡಲ್ಲಿ ಅದು ಇದ್ದದ್ದೇ, ಅಲ್ವಾ? ಅದನ್ನೆಲ್ಲ ತುಂಬಿಸಿದರೆ ಅವರು ಸುಲಭದ್ದಕ್ಕೆ ಮಾತ್ರ ಉತ್ತರ ಕೊಟ್ಟು ಬಾಲ್ಕನಿ ವಿಷಯ ಬಿಟ್ಟುಬಿಡುತ್ತಾರೆ.

ಸ್ವೀಕೃತಿ ಬಂತು, ಆಮೇಲೆ ಸುಮ್ನೆ ಆದರು. ಒಂದು ತಿಂಗಳು ಕಾದು 1915ಕ್ಕೆ ಫೋನ್ ಮಾಡಿದೆ. ಇದು ಕೇಂದ್ರ ಸರ್ಕಾರದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಿದರು. ದೂರಿಗೆ ಒಂದು ನಂಬರ್ ಕೊಟ್ಟರು, ಕಾಗದಗಳನ್ನು ವೆಬ್‌ಸೈಟಿನಲ್ಲಿ ನಾನೇ ಸೇರಿಸಿದೆ. ಇವರಿಗೆ ತೀರ್ಪು ಕೊಡುವ ಅಧಿಕಾರ ಇಲ್ಲ, ಕಂಪನಿಗೆ ದಾಟಿಸಿ ಉತ್ತರ ತರಿಸುತ್ತಾರೆ ಅಷ್ಟೆ. ನನ್ನ ವಿಷಯದಲ್ಲಿ ಅಷ್ಟೇ ಸಾಕಾಯಿತು. ಹನ್ನೊಂದನೇ ದಿನ ಆಪ್‌ನ ಬೇರೆ ವಿಭಾಗದವರು ಫೋನ್ ಮಾಡಿ ಮಾಲೀಕರ ಮೆಸೇಜಿನ ಬಗ್ಗೆ ಮಾತ್ರ ಕೇಳಿದರು. ಅದಾಗಿ ನಾಲ್ಕು ದಿನಕ್ಕೆ 2,520 ಖಾತೆಗೆ ಬಿತ್ತು.

ಬರದೇ ಇದ್ದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇತ್ತು. ನಾವಿರುವ ಜಿಲ್ಲೆಯಲ್ಲೇ, ಅಂದರೆ ಶಿವಮೊಗ್ಗದಲ್ಲೇ ಹಾಕಬಹುದು, ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹೋಗಬೇಕು. ಎರಡೂವರೆ ಸಾವಿರಕ್ಕೆ ಅಷ್ಟು ಓಡಾಟ ನನಗೆ ಬೇಡವಾಗಿತ್ತು.

ತಮ್ಮ ಈಗ 2,520ಕ್ಕೇ ದೂರು ಬರೆದು 1915ಕ್ಕೆ ಹಾಕಿದ್ದಾನೆ. ಮಾಲೀಕರು ನನಗೆ ಕಳಿಸಿದ್ದ ಮೆಸೇಜನ್ನೇ ಜೊತೆಗಿಟ್ಟಿದ್ದಾನೆ, ಅದರಲ್ಲಿ ಅವನ ರೂಮಿನ ನಂಬರ್ ಇಲ್ಲ. ಅದಕ್ಕೆ ಮೊನ್ನೆ ನಾನೇ ಅವರಿಗೆ ಫೋನ್ ಮಾಡಿ, ಎರಡೂ ರೂಮಿನ ನಂಬರ್ ಹಾಕಿ ಒಂದು ಸಾಲು ಬರೆದು ಕಳಿಸಿ ಅಣ್ಣ ಅಂತ ಕೇಳಿದ್ದೇನೆ.